ಹಂಡೆಯ ತಳ ನೋಡಿ ಸೋಲಾರ್ ಮಾರಬೇಕು

ಕೇಳುಗರಿಗೆ ನಮಸ್ಕಾರ. ಕೊಪ್ಪಳದಲ್ಲಿ ಸೋಲಾರ್ ವಾಟರ್ ಹೀಟರ್ ಮತ್ತು ಛಾವಣಿ ಪ್ಯಾನೆಲ್‌ಗಳ ಮಾರಾಟ, ಅಳವಡಿಕೆ, ದುರಸ್ತಿ ನನ್ನ ಉದ್ಯೋಗ. ಪ್ಯಾನೆಲ್‌ಗಳ ದೂರು ಎಷ್ಟೋ ಸಲ ದೂಳು ತೊಳೆದರೆ ಮುಗಿಯುತ್ತದೆ. ಹೀಟರಿನದು ಹಾಗಲ್ಲ, ನಮ್ಮ ಕಡೆ ಅದನ್ನು ಕೆಡಿಸುವುದು ಬೋರ್‌ವೆಲ್ಲಿನ ಗಡಸು ನೀರು.

ಒಂದು ಮನೆಗೆ ನಾನೇ 200 ಲೀಟರಿನ, ಗಾಜಿನ ಕೆಳಗೆ ತಾಮ್ರದ ಕೊಳವೆಗಳಿರುವ ಚಪ್ಪಟೆ ಕಲೆಕ್ಟರಿನ ಹೀಟರ್ ಕೂರಿಸಿದ್ದೆ. ನಾಲ್ಕನೆಯ ಚಳಿಗಾಲದಲ್ಲಿ ಆ ಮನೆಯ ಹಿರಿಯರು, "ಬಿಸಿಲು ಧಾರಾಳ ಐತಿ, ನೀರು ಮಾತ್ರ ಉಗುರುಬೆಚ್ಚಗೆ ಬರ್ತದ" ಎಂದು ಕರೆಸಿದರು. ಮಧ್ಯಾಹ್ನ ಎರಡಕ್ಕೆ ಮಾಳಿಗೆ ಹತ್ತಿ ಮುಟ್ಟಿ ನೋಡಿದರೆ, ಕಲೆಕ್ಟರಿನ ಮೇಲ್ತುದಿಯ ಕೊಳವೆ ಕೈ ಸುಡುವಂತಿತ್ತು, ಟ್ಯಾಂಕಿನ ನೀರು ಮಾತ್ರ ಬೆಚ್ಚಗಷ್ಟೇ ಇತ್ತು. ಸ್ನಾನದ ಮನೆಯ ಮಿಕ್ಸರ್ ನಲ್ಲಿಯ ಮೂಲಕ ತಣ್ಣೀರು ಬಿಸಿನೀರಿನ ಸಾಲಿಗೆ ನುಗ್ಗಿದರೂ ನೀರು ಬೆಚ್ಚಗಾಗಿಯೇ ಉಳಿಯುವುದರಿಂದ, ಟ್ಯಾಂಕಿನ ಬಿಸಿನೀರಿನ ವಾಲ್ವನ್ನು ಒಂದು ಹಗಲು ಪೂರ್ತಿ ಮುಚ್ಚಿಟ್ಟೆ. ಸಂಜೆಗೂ ಟ್ಯಾಂಕ್ ಕಾಯಲಿಲ್ಲ. ಗಾಳಿ ಕಟ್ಟಿಕೊಂಡಿರಬಹುದೆಂದು ಗಾಳಿ ಹೊರಬಿಟ್ಟರೂ ಫಲವಿರಲಿಲ್ಲ. ಕೊನೆಗೆ ಕಲೆಕ್ಟರಿನ ಕೆಳಗಿನ ಪ್ಲಗ್ ಬಿಚ್ಚಿದಾಗ, ರಭಸವಾಗಿ ಬೀಳಬೇಕಾದ ನೀರು ಬಿಳಿಯ ಚಕ್ಕೆಗಳೊಡನೆ ಸಣ್ಣ ಧಾರೆಯಾಗಿ ಇಳಿಯಿತು.

ಇಂಥ ಹೀಟರಿನಲ್ಲಿ ಮೋಟಾರಿಲ್ಲ. ಕಾದ ನೀರು ಹಗುರವಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಆ ಸೆಳೆತ ಅತಿ ಮೃದುವಾದುದರಿಂದ ಕೊಳವೆ ಕೊಂಚ ಕಿರಿದಾದರೂ ಹರಿವು ಕುಗ್ಗುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಕಾರ್ಬೊನೇಟಾಗಿ ಬೇರ್ಪಟ್ಟು, ಹೆಚ್ಚು ಬಿಸಿಯಾದ ಕಡೆಯೇ, ಎಂದರೆ ಆ ಅರ್ಧ ಇಂಚಿನ ತಾಮ್ರದ ಕೊಳವೆಗಳಲ್ಲಿಯೇ, ಹೊರೆಗಟ್ಟುತ್ತದೆ.

ತೆಳುವಾದ ಸಲ್ಫಾಮಿಕ್ ಆಮ್ಲವನ್ನು ಸಣ್ಣ ಪಂಪಿನಿಂದ ಕಲೆಕ್ಟರಿನಲ್ಲಿ ಸುತ್ತಿಸಿ, ನೊರೆ ಏಳುವುದು ನಿಂತ ಮೇಲೆ ಚೆನ್ನಾಗಿ ತೊಳೆದೆವು. ಬೇಗ ಮುಗಿಯಲೆಂದು ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನೇ ಸುರಿಯುತ್ತಾರೆ. ಅದು ಬೆಸುಗೆಯನ್ನೂ ತಾಮ್ರವನ್ನೂ ತಿನ್ನುತ್ತದೆ. ನೀರು ಮತ್ತೆ ಕಾಯಿತು, ಆದರೆ ಅದೇ ಬೋರಿನ ನೀರು ಹರಿಯುವವರೆಗೆ ಹೊರೆಯೂ ಮತ್ತೆ ಕಟ್ಟುತ್ತದೆಂದು ಹಿರಿಯರಿಗೆ ಹೇಳಲೇಬೇಕಾಯಿತು. ತಪ್ಪು ನನ್ನದು: ಮಾರುವಾಗ ನಾನು ನೀರಿನ ಮಾತೇ ಎತ್ತಿರಲಿಲ್ಲ.

ಈಗ ಬೆಲೆ ಹೇಳುವ ಮೊದಲು ಆ ಮನೆಯ ನೀರು ಕಾಯಿಸುವ ಹಂಡೆಯೊಳಗೆ ಕೈಯಾಡಿಸುತ್ತೇನೆ. ಬಿಳಿ ಹೊರೆ ಒರಟಾಗಿ ಸಿಕ್ಕರೆ ಗಾಜಿನ ಟ್ಯೂಬಿನ ಹೀಟರನ್ನೇ ಸೂಚಿಸುತ್ತೇನೆ. ಅದರ ಟ್ಯೂಬು ಅಗಲವಾದುದರಿಂದ ಸುಣ್ಣ ಉದುರಿ ತಳಕ್ಕೆ ಕೂರುತ್ತದೆ, ವರ್ಷಕ್ಕೊಮ್ಮೆ ಹೊರತೆಗೆದು ತೊಳೆಯಬಹುದು. ಈ ತೊಳೆತದ ಖರ್ಚನ್ನೂ ಮೊದಲೇ ಹೇಳಿಬಿಡುತ್ತೇನೆ. ಟ್ಯೂಬು ಮರಳಿ ಕೂರಿಸಿ ನೀರು ತುಂಬಿಸುವುದು ಮಾತ್ರ ಬೆಳಗಿನ ಜಾವವೇ. ಬಿಸಿಲಲ್ಲಿ ಒಣಗಿ ಕಾದ ಟ್ಯೂಬಿಗೆ ತಣ್ಣೀರು ಬಿದ್ದರೆ ಅದು ಅಲ್ಲೇ ಸಿಡಿಯುತ್ತದೆ.