ಗೃಹಪ್ರವೇಶಕ್ಕೆ ಮೊದಲು ಕಟ್ಟಿದ ಬಡ್ಡಿ

ಕೇಳುಗರೇ, ನಮಸ್ಕಾರ.

ಸಾಲ ಮಾಡಿ ಮನೆ ಕಟ್ಟಿದವರು ವರ್ಷದ ಕೊನೆಗೆ ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ತಂದು ಆಡಿಟರ ಕೈಗೆ ಕೊಡುತ್ತಾರೆ. ಆ ವರ್ಷದ ಬಡ್ಡಿಯ ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ಮನೆ ಏಳುತ್ತಿದ್ದಾಗ, ಇನ್ನೂ ಬಾಡಿಗೆ ಮನೆಯಲ್ಲಿದ್ದುಕೊಂಡೇ ಕಟ್ಟಿದ ಬಡ್ಡಿಯ ಗತಿ ಏನು? ಅನೇಕರು ಅದನ್ನು ಕೇಳುವುದೇ ಇಲ್ಲ. ಇವತ್ತು ಆ ಬಡ್ಡಿಯ ಬಗ್ಗೆ ಮಾತಾಡೋಣ.

ಮೊದಲು ಮೂಲ ನಿಯಮ. ನಾವೇ ವಾಸಿಸುವ ಮನೆಯಿಂದ ಬಾಡಿಗೆ ಬರುವುದಿಲ್ಲ, ಹಾಗಾಗಿ ಅದರ ಆದಾಯ ಸೊನ್ನೆ. ಆ ಸೊನ್ನೆಯಿಂದ ಸಾಲದ ಬಡ್ಡಿ ಕಳೆದರೆ ನಷ್ಟ ಬರುತ್ತದೆ. ಈ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಹಳೆ ತೆರಿಗೆ ಪದ್ಧತಿ ಬಿಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 24ನೇ ಕಲಮಿನ ಪ್ರಕಾರ ಇದಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿಯ ಮಿತಿ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, 2 ಲಕ್ಷ ಹಾಗೇ ಉಳಿದಿದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಸ್ವಂತ ವಾಸದ ಮನೆಯ ಬಡ್ಡಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಈಗ ಕಟ್ಟುವಾಗಿನ ಬಡ್ಡಿಗೆ ಬರೋಣ. ಮನೆ ಮುಗಿಯುವವರೆಗೆ ಯಾವ ಕಡಿತವೂ ಇಲ್ಲ. ಮುಗಿದ ಮೇಲೆ ಹಿಂದಿನ ಬಡ್ಡಿಯನ್ನೆಲ್ಲ ಒಟ್ಟು ಮಾಡಿ, ಐದು ಸಮ ಭಾಗ ಮಾಡಿ, ಮನೆ ಮುಗಿದ ವರ್ಷದಿಂದ ಶುರುಮಾಡಿ ಐದು ವರ್ಷ ಒಂದೊಂದು ಭಾಗ ಕಳೆಯಬಹುದು. ಹಿಂದಿನ ಬಡ್ಡಿ ಎಂದರೆ ಎಲ್ಲಿಯವರೆಗಿನದು? ಇಲ್ಲಿಯೇ ಲೆಕ್ಕ ತಪ್ಪುವುದು. ಗೃಹಪ್ರವೇಶದ ದಿನದವರೆಗಲ್ಲ, ಮನೆ ಮುಗಿದ ಆರ್ಥಿಕ ವರ್ಷಕ್ಕೆ ಹಿಂದಿನ ಮಾರ್ಚ್ 31ರವರೆಗೆ ಮಾತ್ರ. ಆಗಸ್ಟ್‌ನಲ್ಲಿ ಮನೆ ಮುಗಿದರೂ ಆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬಡ್ಡಿ ಐದು ಭಾಗಕ್ಕೆ ಸೇರುವುದಿಲ್ಲ. ಅದು ಆ ವರ್ಷದ ಬಡ್ಡಿಯಾಗಿಯೇ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಹಾಸನದಲ್ಲಿ ಒಬ್ಬ ಮೇಷ್ಟ್ರು 20 ಲಕ್ಷ ರೂಪಾಯಿ ಸಾಲ ಮಾಡಿ ಮನೆ ಕಟ್ಟಿಸಿದರು ಎಂದಿಟ್ಟುಕೊಳ್ಳಿ. ಬ್ಯಾಂಕು ತಳಪಾಯಕ್ಕಿಷ್ಟು, ತಾರಸಿಗಿಷ್ಟು, ಪ್ಲಾಸ್ಟರಿಂಗ್‌ಗಿಷ್ಟು ಎಂದು ಹಂತಹಂತವಾಗಿ ಹಣ ಬಿಟ್ಟಿತು. ಮೊದಲ ಹಣ ಬಂದದ್ದು 2021ರ ಆಗಸ್ಟ್‌ನಲ್ಲಿ. ಬಿಟ್ಟಷ್ಟು ಹಣಕ್ಕೆ ಮಾತ್ರ ಬಡ್ಡಿ. ಹಾಗಾಗಿ 2021-22ರಲ್ಲಿ 40,000, ಮರುವರ್ಷ 1,05,000, ಅದರ ಮುಂದಿನ ವರ್ಷ 1,55,000 ರೂಪಾಯಿ ಬಡ್ಡಿಯಾಯಿತು. ಮನೆ ಮುಗಿದದ್ದು 2024ರ ಆಗಸ್ಟ್‌ನಲ್ಲಿ. 2024ರ ಮಾರ್ಚ್ 31ರವರೆಗಿನ ಬಡ್ಡಿ ಒಟ್ಟು 3 ಲಕ್ಷ, ಅದರ ಐದನೇ ಒಂದು ಭಾಗ 60,000. ಇನ್ನು 2024-25ನೇ ಸಾಲಿನ ಇಡೀ ವರ್ಷದ ಬಡ್ಡಿ 1,65,000. ಎರಡೂ ಸೇರಿದರೆ 2,25,000.

ಮೇಷ್ಟ್ರು 2,25,000 ಕಳೆಯಬಹುದೆ? ಇಲ್ಲ. 2 ಲಕ್ಷದ ಮಿತಿಯೊಳಗೇ ಹಳೆಯ ಬಡ್ಡಿಯ ಕಂತೂ ಕೂರಬೇಕು. ಹಳೆಯ ಬಡ್ಡಿಗೆ ಬೇರೆ ಮಿತಿ ಇದೆ ಎಂದುಕೊಂಡು 1,65,000ದ ಮೇಲೆ ಇನ್ನೊಂದು ಸಾಲು ಬರೆದು ನೋಟಿಸು ತರಿಸಿಕೊಂಡವರು ಕಡಿಮೆಯೇನಲ್ಲ. ಮಿಕ್ಕ 25,000 ಅಲ್ಲಿಗೇ ಹೋಯಿತು, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಶೇಕಡಾ 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಸೆಸ್ ಸೇರಿ ಇದು ಒಂದು ವರ್ಷಕ್ಕೆ 5,200 ರೂಪಾಯಿ.

ಇದೇ ಮನೆ ಐದು ತಿಂಗಳು ಮೊದಲು, 2024ರ ಮಾರ್ಚ್‌ನಲ್ಲೇ ಮುಗಿದಿದ್ದರೆ? ಆಗ ಮನೆ ಮುಗಿದ ವರ್ಷ 2023-24. ಐದು ಭಾಗಕ್ಕೆ ಹೋಗುವುದು ಮೊದಲ ಎರಡು ವರ್ಷದ 1,45,000 ಮಾತ್ರ, ಕಂತು 29,000. ಆ ವರ್ಷದ 1,55,000 ಪೂರ್ತಿಯಾಗಿ ಸಿಗುತ್ತದೆ. ಒಟ್ಟು 1,84,000. ಮರುವರ್ಷ 1,65,000ಕ್ಕೆ 29,000 ಸೇರಿ 1,94,000. ಎರಡೂ ವರ್ಷ ಮಿತಿಯೊಳಗೇ ಇದೆ, ಒಂದು ರೂಪಾಯಿಯೂ ಪೋಲಾಗಲಿಲ್ಲ. ಬಣ್ಣ ಬಳಿಯುವುದಷ್ಟೇ ಬಾಕಿ ಉಳಿದು ಮಾರ್ಚ್ ಹತ್ತಿರ ಬಂದಿದ್ದರೆ ಕೆಲಸ ಏಪ್ರಿಲ್‌ಗೆ ತಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆದರೆ ತಾರೀಖಿಗೆ ಕಾಗದದ ಆಧಾರ ಬೇಕು: ಸ್ಥಳೀಯ ಸಂಸ್ಥೆ ಕೊಡುವ ಮುಕ್ತಾಯ ಪತ್ರ, ಫ್ಲ್ಯಾಟ್ ಆದರೆ ಬಿಲ್ಡರ್ ಕೀಲಿ ಕೈಗಿತ್ತ ಸ್ವಾಧೀನ ಪತ್ರ.

ಇದಕ್ಕಿಂತ ದೊಡ್ಡ ಗಡುವು ಇನ್ನೊಂದಿದೆ. ಸಾಲ ಪಡೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಮುಗಿಯಬೇಕು. ನಮ್ಮ ಮೇಷ್ಟ್ರಿಗೆ ಅದು 2027ರ ಮಾರ್ಚ್ 31. ತಪ್ಪಿದರೆ 2 ಲಕ್ಷದ ಮಿತಿ ವರ್ಷಕ್ಕೆ 30,000ಕ್ಕೆ ಇಳಿಯುತ್ತದೆ, ಹಳೆಯ ಕಂತೂ ಅದರೊಳಗೇ. ಬಿಲ್ಡರ್ ವರ್ಷಗಟ್ಟಲೆ ತಡಮಾಡಿದ ಫ್ಲ್ಯಾಟುಗಳಲ್ಲಿ ಈ ಹೊಡೆತ ಬೀಳುವುದು ಏನೂ ತಪ್ಪು ಮಾಡದ ಕೊಂಡವರಿಗೆ. ಕಾನೂನಿನ ಈ ಭಾಗ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಮತ್ತೆ ಆ 25,000ದ ಮಾತಿಗೆ ಬರೋಣ. ಮೇಷ್ಟ್ರ ಹೆಂಡತಿಯೂ ಕೆಲಸದಲ್ಲಿದ್ದು, ನಿವೇಶನ ಇಬ್ಬರ ಹೆಸರಿಗೂ ಸಮಪಾಲಿನಲ್ಲಿ ನೋಂದಣಿಯಾಗಿ, ಸಾಲದ ಪತ್ರಕ್ಕೂ ಇಬ್ಬರೂ ಸಹಿ ಹಾಕಿ, ಕಂತನ್ನೂ ಇಬ್ಬರೂ ಕಟ್ಟುತ್ತಿದ್ದರೆ ಒಬ್ಬೊಬ್ಬರಿಗೂ 2 ಲಕ್ಷದ ಮಿತಿ. ಬಡ್ಡಿ ಅರ್ಧರ್ಧ: ತಲಾ 82,500, ಹಳೆಯ ಕಂತು ತಲಾ 30,000. ಒಬ್ಬರಿಗೆ 1,12,500 ಆಯಿತು, ಇಬ್ಬರದೂ ಸೇರಿ 2,25,000 ಪೂರ್ತಿ ಸಿಕ್ಕಿತು. ಸಾಲದಲ್ಲಿ ಹೆಸರಿದ್ದು ಮನೆಯಲ್ಲಿ ಪಾಲಿಲ್ಲದವರಿಗೆ ಕಡಿತವಿಲ್ಲ. ಮನೆಯಲ್ಲಿ ಪಾಲಿದ್ದು ಸಾಲದಲ್ಲಿ ಇಲ್ಲದವರಿಗೂ ಇಲ್ಲ. ‘ಆಮೇಲೆ ಅರ್ಧ ಭಾಗ ಅವಳಿಗೆ ದಾನಪತ್ರ ಮಾಡಿದರಾಯಿತು’ ಎನ್ನುವವರಿದ್ದಾರೆ. ಆಗುವುದಿಲ್ಲ. ಹಣ ಪಡೆಯದೆ ಹೆಂಡತಿಗೋ ಗಂಡನಿಗೋ ಕೊಟ್ಟ ಮನೆಗೆ, ತೆರಿಗೆಯ ಲೆಕ್ಕದಲ್ಲಿ ಕೊಟ್ಟವರೇ ಮಾಲೀಕರು. ಈ ತೀರ್ಮಾನ ನಿವೇಶನ ಕೊಳ್ಳುವಾಗಲೇ ಆಗಬೇಕು.

ಪದ್ಧತಿ ಆರಿಸುವಾಗಲೂ ಈ ಕಂತು ನೆನಪಿರಲಿ. ಐದು ವರ್ಷಗಳಲ್ಲಿ ಒಂದು ವರ್ಷ ಹೊಸ ಪದ್ಧತಿಗೆ ಹೋದರೆ ಆ ವರ್ಷದ 60,000 ಕಳೆದುಹೋಗುತ್ತದೆ, ಆರನೇ ವರ್ಷಕ್ಕೆ ಮುಂದೂಡಲು ಬರುವುದಿಲ್ಲ. ಹಾಗಂತ ಕಂತಿನ ಆಸೆಗೆ ಹಳೆ ಪದ್ಧತಿಗೇ ಅಂಟಿಕೊಳ್ಳಬೇಕಿಲ್ಲ. ಎರಡೂ ಲೆಕ್ಕ ಮಾಡಿ, ತೆರಿಗೆ ಯಾವುದರಲ್ಲಿ ಕಡಿಮೆಯೋ ಅದಕ್ಕೆ ಹೋಗಿ. ಹಳೆಯದೇ ಲಾಭ ಎಂದಾದರೆ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿ. ಗಡುವು ದಾಟಿದರೆ ಆ ವರ್ಷಕ್ಕೆ ಹಳೆ ಪದ್ಧತಿ ಆರಿಸಲು ಅವಕಾಶವಿಲ್ಲ.

ಕೊನೆಯದಾಗಿ ಕಾಗದದ ಮಾತು. ಬ್ಯಾಂಕು ಕೇಳದೆ ಕೊಡುವುದು ಈ ವರ್ಷದ ಪ್ರಮಾಣಪತ್ರ ಮಾತ್ರ. ಮೊದಲ ಹಣ ಬಿಟ್ಟ ವರ್ಷದಿಂದ ಪ್ರತಿ ಆರ್ಥಿಕ ವರ್ಷಕ್ಕೂ ಒಂದೊಂದು ಕೇಳಿ ಪಡೆಯಿರಿ. ಅದರಲ್ಲಿ ಬಡ್ಡಿ ಬೇರೆ, ಅಸಲು ಬೇರೆ ನಮೂದಾಗಿರಬೇಕು. ಪೂರ್ಣ ಕಂತು ಶುರುವಾಗುವ ಮೊದಲು ಕಟ್ಟಿದ ಬರೀ ಬಡ್ಡಿಯೂ ಅದರಲ್ಲಿದೆಯೇ ಎಂದು ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ. ಸಾಲವನ್ನು ಇನ್ನೊಂದು ಬ್ಯಾಂಕಿಗೆ ವರ್ಗ ಮಾಡಿಸುವವರು, ಹಳೆಯ ಬ್ಯಾಂಕಿನ ಖಾತೆ ಮುಚ್ಚುವ ಮೊದಲೇ ಈ ಪತ್ರಗಳನ್ನೆಲ್ಲ ಕೈಗೆ ತೆಗೆದುಕೊಂಡುಬಿಡಿ.

ನಮಸ್ಕಾರ.