ಮೀಟರ್ ಬೋರ್ಡ್ ಮೇಲೆ ಕೀಲಿ ಇಡುವವರಿಗೆ

ನಮಸ್ಕಾರ, ತುಮಕೂರಿನಿಂದ ಮತ್ತೆ ನಾನೇ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತು ಹೋದ ವಾರದ ವಿಡಿಯೊಗೆ ಬಂದ ಕಾಮೆಂಟ್ ನೋಡಿದೆ. ಇಡ್ಲಿ ತಣ್ಣಗಾಯಿತು. ಒಬ್ಬರು ಬರೆದಿದ್ದಾರೆ: "ಅಣ್ಣಾ, ಕೀಪಾಸ್ ಫೈಲು, ಕೀ ಫೈಲು ಎರಡನ್ನೂ ಒಂದೇ ಪೆನ್ ಡ್ರೈವಿಗೆ ಹಾಕಿ ಇಟ್ಟಿದ್ದೀನಿ. ಬ್ಯಾಕಪ್ ಆಯ್ತು, ಅಲ್ವಾ?"

ಆಯ್ತು ಸ್ವಾಮಿ. ಕಳ್ಳನಿಗೂ ಆಯ್ತು.

ನಮ್ಮ ಬೀದಿಯಲ್ಲಿ ಈಗಲೂ ಮನೆಗೆ ಬೀಗ ಹಾಕಿ ಕೀಲಿಯನ್ನು ಮೀಟರ್ ಬೋರ್ಡ್ ಮೇಲೆ ಇಟ್ಟು ಹೋಗುವವರಿದ್ದಾರೆ. ಹಾಲಿನವನಿಗೂ ಗೊತ್ತು, ಪೇಪರಿನವನಿಗೂ ಗೊತ್ತು. ನೀವು ಮಾಡಿರುವುದೂ ಅದೇ. ಬೀಗ ಒಂದು ಕಡೆ ಇರಬೇಕು, ಕೀಲಿ ಇನ್ನೊಂದು ಕಡೆ. ಇವತ್ತು ಇದೊಂದೇ ಮಾತು. ಬೇಜಾರಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ಹೊಸಬರಿಗೆ ಬೇಗ ಹೇಳಿಬಿಡುತ್ತೇನೆ. ಕೀಪಾಸ್‌ಎಕ್ಸ್‌ಸಿ ಅಂದರೆ ಪಾಸ್‌ವರ್ಡ್‌ಗಳನ್ನು ಕಾಪಾಡುವ ಸಾಫ್ಟ್‌ವೇರ್. ಅದರಲ್ಲಿ ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಒಂದೇ ಫೈಲಿನಲ್ಲಿ ಇರುತ್ತವೆ, pass.kdbx ಅಂತ ಇಟ್ಟುಕೊಳ್ಳಿ. ಅದನ್ನು ತೆರೆಯಲು ಮಾಸ್ಟರ್ ಪಾಸ್‌ವರ್ಡ್ ಬೇಕು. ಅದು ತಲೆಯಲ್ಲಿ ಇರುತ್ತದೆ. ಬೇಕಿದ್ದರೆ ಜೊತೆಗೊಂದು ಕೀ ಫೈಲನ್ನೂ, ಅಂದರೆ ಕೀಲಿಯಾಗಿ ಕೆಲಸ ಮಾಡುವ ಇನ್ನೊಂದು ಫೈಲನ್ನೂ ಸೇರಿಸಬಹುದು. ಅದು ಕೈಯಲ್ಲಿ ಇರುತ್ತದೆ. ಎರಡೂ ಸೇರಿದರೆ ಮಾತ್ರ ಬಾಗಿಲು ತೆಗೆಯುತ್ತದೆ.

ಈಗ ನಿಮ್ಮ ಪೆನ್ ಡ್ರೈವ್ ಬೆಂಗಳೂರಿನಿಂದ ಬರುವ ಸಂಜೆ ಟ್ರೈನಿನಲ್ಲಿ ಬಿದ್ದುಹೋಯಿತು ಅನ್ನಿ. ಅದರಲ್ಲಿ ಬರೀ pass.kdbx ಇದ್ದರೆ, ಸಿಕ್ಕವನು ತಲೆ ಚಚ್ಚಿಕೊಳ್ಳಬೇಕು. ನಿಮ್ಮ ಪಾಸ್‌ವರ್ಡ್ ಊಹಿಸಿದರೂ ಬಾಗಿಲು ತೆಗೆಯುವುದಿಲ್ಲ. ಪಕ್ಕದಲ್ಲೇ ಕೀ ಫೈಲೂ ಇದ್ದರೆ ಉಳಿದಿದ್ದು ನಿಮ್ಮ ಪಾಸ್‌ವರ್ಡ್ ಒಂದೇ. ಮೂರು ಸಲ ತಪ್ಪಾದರೆ ಲಾಕ್ ಮಾಡಲು ಅದೇನು ಬ್ಯಾಂಕಿನ ಎಟಿಎಂ ಅಲ್ಲ. ಫೈಲು ಅವನ ಕಂಪ್ಯೂಟರಿನಲ್ಲಿದೆ, ವರ್ಷಗಟ್ಟಲೆ ಊಹಿಸುತ್ತಾ ಕೂರಬಹುದು. ಮಗಳ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು 123... ಯಾರದ್ದು ಅಂತ ಹೇಳುವುದಿಲ್ಲ, ನಕ್ಕವರದ್ದೇ.

"ಬೇರೆ ಬೇರೆ ಇಟ್ಟರೆ ಕೀಲಿನೇ ಕಳೆದುಹೋಗುತ್ತದೆ" ಅಂತ ಇನ್ನೊಬ್ಬರ ವಾದ. ನಿಜ, ಕಳೆದರೆ ಕಥೆ ಮುಗಿಯಿತು. "ಕೀಲಿ ಮರೆತಿರಾ?" ಅಂತ ಕೇಳುವ ಬಟನ್ ಇಲ್ಲಿ ಇಲ್ಲ. ಅದಕ್ಕೆ ಕೀಲಿಯ ನಕಲು ಎರಡು ಮಾಡಿ ಸ್ವಾಮಿ, ಬೀಗದ ಪಕ್ಕ ಯಾಕೆ ಇಡುತ್ತೀರಿ? ಇಲ್ಲಿ ಒಂದು ವಿಷಯ ಯಾರೂ ಗಮನಿಸುವುದಿಲ್ಲ. pass.kdbx ದಿನಾ ಬದಲಾಗುತ್ತದೆ. ಹೊಸ ಅಕೌಂಟ್ ಸೇರಿಸಿದಾಗಲೆಲ್ಲ ಅದು ಹೊಸ ಫೈಲು, ಹಾಗಾಗಿ ಪದೇ ಪದೇ ನಕಲು ಬೇಕು. ಕೀ ಫೈಲು ಬದಲಾಗುವುದೇ ಇಲ್ಲ. ನೀವಾಗಿ ಹೊಸದು ಮಾಡುವ ತನಕ ಅದು ಅದೇ ಫೈಲು. ಒಂದು ಸಲ ನಕಲು ಮಾಡಿ ದೂರ ಇಟ್ಟರೆ ಸಾಕು. ಒಂದು ದಿನಸಿ, ಇನ್ನೊಂದು ಮನೆ ಪತ್ರ. ಎರಡಕ್ಕೂ ಒಂದೇ ಚೀಲ ಯಾಕೆ?

ನನ್ನದು ಹೀಗಿದೆ. ಪ್ರತಿ ಭಾನುವಾರ ಕೀಪಾಸ್‌ಎಕ್ಸ್‌ಸಿಯ Database ಮೆನುವಿನಲ್ಲಿ Save Database Backup ಒತ್ತುತ್ತೇನೆ. ಹೆಸರಿನಲ್ಲಿ ತಾರೀಕು ಹಾಕುತ್ತೇನೆ, ಹಳೆಯದರ ಮೇಲೆ ಬರೆಯುವುದಿಲ್ಲ. ಯಾಕೆಂದರೆ ತಪ್ಪಿ ಏನಾದರೂ ಅಳಿಸಿದ್ದರೆ, ಆ ತಪ್ಪೂ ನಕಲಾಗಿ ಹೋಗುತ್ತದೆ. ಒಂದು ನಕಲು ಕ್ಲೌಡಿಗೆ, ಒಂದು ಬೀರುವಿನಲ್ಲಿರುವ ಪೆನ್ ಡ್ರೈವಿಗೆ. ಕೀ ಫೈಲಿನ ನಕಲು ಗುಬ್ಬಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದೆ, ಬೇರೆ ಪೆನ್ ಡ್ರೈವಿನಲ್ಲಿ. ಇನ್ನೊಂದು ನಕಲು ಕಾಗದದ ಮೇಲೆ.

ಹೌದು, ಕಾಗದ. ನಗಬೇಡಿ. ಕೀಪಾಸ್‌ಎಕ್ಸ್‌ಸಿ ತಾನೇ ಮಾಡಿಕೊಡುವ .keyx ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಸಲಿ ಕೀಲಿ ಅಂದರೆ 64 ಅಂಕಿ-ಅಕ್ಷರ, ಅಷ್ಟೇ. ಪ್ರಿಂಟ್ ತೆಗೆದು ಬ್ಯಾಂಕ್ ಲಾಕರಿನಲ್ಲಿ ಇಡಬಹುದು, ಬೇಕಾದಾಗ ಕೈಯಲ್ಲೇ ಟೈಪ್ ಮಾಡಬಹುದು. ಒಂದಕ್ಷರ ತಪ್ಪಿದರೆ ಗೊತ್ತಾಗಲಿ ಅಂತ ಆ ಫೈಲಿನಲ್ಲೇ Hash ಅಂತ ಒಂದು ಚಿಕ್ಕ ತಾಳೆ ನೋಡುವ ಗುರುತೂ ಇರುತ್ತದೆ. ಪ್ರಿಂಟ್ ತೆಗೆಯಲು ಮಾತ್ರ ಜೆರಾಕ್ಸ್ ಅಂಗಡಿಯವನಿಗೆ ವಾಟ್ಸ್ಆ್ಯಪ್ ಮಾಡಬೇಡಿ!

ವಾಟ್ಸ್ಆ್ಯಪ್ ಅಂದಾಗ ನೆನಪಾಯಿತು. ನನ್ನ ಗೆಳೆಯನೊಬ್ಬ ಬುದ್ಧಿವಂತ. ಯಾವ ಫೈಲನ್ನಾದರೂ ಕೀಲಿ ಮಾಡಬಹುದು ಅಂತ ಎಲ್ಲೋ ಓದಿ, ದೇವರಾಯನದುರ್ಗದಲ್ಲಿ ತೆಗೆದ ಫೋಟೊವನ್ನೇ ಕೀ ಫೈಲ್ ಮಾಡಿದ. ಹುಷಾರಿಗೆ ಅಂತ ಹೆಂಡತಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿಟ್ಟ. ಕೀಲಿ ಬೇರೆ ಕಡೆ ಇಟ್ಟ, ಅದಕ್ಕೆ ಶಭಾಷ್. ಒಂದು ದಿನ ಲ್ಯಾಪ್‌ಟಾಪಿನ ಡಿಸ್ಕ್ ಹೋಯಿತು. ಕ್ಲೌಡಿನಿಂದ pass.kdbx ಇಳಿಸಿದ, ಹೆಂಡತಿಯ ಫೋನಿನಿಂದ ಫೋಟೊ ತಂದ, ಪಾಸ್‌ವರ್ಡ್ ಹೊಡೆದ. ಪರದೆ ಮೇಲೆ Invalid credentials ಅಂತ ಬಂತು. ಹತ್ತು ಸಲ ಹೊಡೆದ, ಹತ್ತು ಸಲವೂ ಅದೇ. ಪಾಸ್‌ವರ್ಡ್ ಮರೆತೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟ. ಪಾಸ್‌ವರ್ಡ್ ತಪ್ಪೋ ಕೀಲಿ ತಪ್ಪೋ ಅಂತ ಆ ಸಂದೇಶ ಹೇಳುವುದಿಲ್ಲ, ನೋಡಿ.

ನಾನು ಹೋಗಿ ಫೋಟೊದ ಸೈಜ್ ನೋಡಿದೆ. ಅಸಲಿ ಸುಮಾರು 3 ಎಂಬಿ ಇತ್ತಂತೆ, ಇದು 200 ಕೆಬಿ. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸಿತ್ತು. ಕಣ್ಣಿಗೆ ಅದೇ ಬೆಟ್ಟ, ಅದೇ ಗೆಳೆಯ. ಕೀಪಾಸ್‌ಗೆ ಅದು ಬೇರೆಯೇ ಫೈಲು. ಒಂದು ಬೈಟ್ ಬದಲಾದರೂ ಕೀಲಿ ಕೀಲಿಯಲ್ಲ. ಕೊನೆಗೆ ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ಅಸಲಿ ಸಿಕ್ಕಿತು, ತೆಗೆಯಿತು. ಆ ರಾತ್ರಿಯ ಬಿರಿಯಾನಿ ಬಾಕಿ ಇದೆ, ಅವನು ಇದನ್ನು ನೋಡುತ್ತಿದ್ದರೆ ನೆನಪಿಸಿಕೊಳ್ಳಲಿ.

ಅದಕ್ಕೇ ಹೇಳುವುದು, ತೆರೆದು ನೋಡಿ. ಹೆಂಡತಿಯದೋ ತಮ್ಮನದೋ ಲ್ಯಾಪ್‌ಟಾಪ್ ತಗೊಳ್ಳಿ. ಬ್ಯಾಕಪ್ ಫೈಲನ್ನು ಬ್ಯಾಕಪ್ ಕೀಲಿಯಿಂದ ತೆರೆಯಿರಿ. ದಿನಾ ಬಳಸುವ ಕೀಲಿಯಿಂದ ತೆರೆದರೆ ಗುಬ್ಬಿಯಲ್ಲಿರುವುದು ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

"ನಾನು ಬೇರೆ ಬೇರೆನೇ ಇಟ್ಟಿದ್ದೀನಿ" ಅನ್ನುವವರೂ ಒಂದು ನಿಮಿಷ ಇರಿ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಕ್ಲೌಡಿಗೆ ತಾನಾಗೇ ಹೋಗುತ್ತಿದೆಯಾ? ಕೀ ಫೈಲು ಅದೇ ಫೋಲ್ಡರಿನಲ್ಲಿ ಇದೆಯಾ? ಹಾಗಿದ್ದರೆ ನಿಮಗೆ ಗೊತ್ತಿಲ್ಲದಂತೆ ಎರಡೂ ಒಂದೇ ಬಸ್ ಹತ್ತಿವೆ. ಈಗಲೇ ಹೋಗಿ ನೋಡಿ. ಆ ಕ್ಲೌಡ್ ಅಕೌಂಟಿನ ಪಾಸ್‌ವರ್ಡ್ ಬರೀ pass.kdbx ಒಳಗೇ ಇದ್ದರಂತೂ ಕೈ ಮುಗಿಯುತ್ತೇನೆ. ಮನೆ ಕೀಲಿ ಮನೆಯೊಳಗೆ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

"ನಮ್ಮಂಥವರ ಫೈಲ್ ಯಾರು ಕದೀತಾರೆ ಗುರು?" ಇದು ಕೊನೆ ಕಾಮೆಂಟು. ಹಾಗಾದರೆ ಪಾಸ್‌ವರ್ಡ್ ಯಾಕೆ? ಗೋಡೆ ಮೇಲೆ ಬರೆದುಬಿಡಿ. ಬೀಗ ಒಂದು ಕಡೆ, ಕೀಲಿ ಒಂದು ಕಡೆ. ಯಾಕೆ ಅಂದರೆ... ಯಾಕೆ ಅಂತ ಇಷ್ಟು ಹೊತ್ತು ಹೇಳಿದೆನಲ್ಲ! ಅದು ಬೀಗ, ಇದು ಕೀಲಿ. ಬೇರೆ ಬೇರೆ. ನಮ್ಮಜ್ಜಿಗೂ ಗೊತ್ತಿತ್ತು, ಬೀರು ಒಳಕೋಣೆಯಲ್ಲಿ, ಕೀಲಿ ಸೊಂಟದಲ್ಲಿ. ಇಂಜಿನಿಯರಿಂಗ್ ಓದಿದವರಿಗೆ ಗೊತ್ತಾಗುತ್ತಿಲ್ಲ.

ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಒಪ್ಪದವರೂ ಒತ್ತಿ, ಬೈಯಲು ಸುಲಭ ಆಗುತ್ತದೆ. ಮುಂದಿನ ವಾರ... ಒಂದು ನಿಮಿಷ, ಗುಬ್ಬಿಯಿಂದ ಚಿಕ್ಕಮ್ಮನ ಫೋನು. "ಮೆಂತ್ಯದ ಡಬ್ಬಿ ತೊಳೀತಾ ಇದ್ದೀನಿ ಕಣೋ, ತಳದಲ್ಲಿ ಏನೋ ಪ್ಲಾಸ್ಟಿಕ್ ಚೂರು ಇದೆ, ಬಿಸಾಕಲಾ?" ಅಂತ ಕೇಳುತ್ತಿದ್ದಾರೆ. ಬೇಡ ಚಿಕ್ಕಮ್ಮಾ, ಬೇಡ! ಬಂದೆ ಇರಿ!