ಕಲರ್ ಫೋಟೋ ಮತ್ತು ಹತ್ತಿಯ ಚೂರು

ಎಲ್ಲರಿಗೂ ನಮಸ್ಕಾರ.

ನಿಮ್ಮ ಮುಂದೆ ಮೇಜಿನ ಮೇಲೆ ಕೆಲವು ಫೋಟೋ ಹರಡಿದ್ದೇನೆ ಅಂದುಕೊಳ್ಳಿ. ಎಲ್ಲವೂ ಪೊಲೀಸರು ತೆಗೆದ ಕಪ್ಪು ಬಿಳುಪು ಫೋಟೋಗಳು. ಒಂದು ಮಾತ್ರ ಕಲರ್. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಕಲರ್ ಫೋಟೋ ಕಡೆಗೇ, ಅಲ್ವಾ?

1982ರ ಜುಲೈನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾನೋವರ್ ಕೌಂಟಿಯಲ್ಲಿ ಹೀಗೇ ಆಯಿತು. ಒಬ್ಬ ಬಿಳಿಯ ಯುವತಿಯ ಮೇಲೆ ಅತ್ಯಾಚಾರ ನಡೆದಿತ್ತು. ಸೈಕಲ್‌ನಲ್ಲಿ ಬಂದ ಕಪ್ಪು ವ್ಯಕ್ತಿಯೊಬ್ಬ ಹಲ್ಲೆ ಮಾಡಿದ ಎಂದು ಆಕೆ ಹೇಳಿದರು. ತನಗೊಬ್ಬಳು ಬಿಳಿಯ ಗೆಳತಿ ಇದ್ದಾಳೆ ಎಂದು ಅವನು ಆಕೆಗೆ ಹೇಳಿದ್ದನಂತೆ. ಅಲ್ಲಿನ ಪೊಲೀಸ್ ಅಧಿಕಾರಿಗೆ ಗೊತ್ತಿದ್ದಂತೆ ಬಿಳಿಯ ಹುಡುಗಿಯ ಜೊತೆ ವಾಸವಿದ್ದ ಕಪ್ಪು ಯುವಕ ಒಬ್ಬನೇ. ಅವನ ಹೆಸರು ಮಾರ್ವಿನ್ ಆಂಡರ್ಸನ್, ವಯಸ್ಸು 18. ಅನುಮಾನಕ್ಕೆ ಇದ್ದ ಆಧಾರ ಅಷ್ಟೇ.

ಹುಡುಗನ ಮೇಲೆ ಹಿಂದೆ ಒಂದು ಕೇಸೂ ಇರಲಿಲ್ಲ. ಹಾಗಾಗಿ ಪೊಲೀಸರ ಬಳಿ ಅವನ ಫೋಟೋನೂ ಇರಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಕಡೆಯಿಂದ ಗುರುತಿನ ಚೀಟಿಯ ಫೋಟೋ ತರಿಸಿದರು. ಅದು ಕಲರ್. ಮಿಕ್ಕವೆಲ್ಲ ಹಳೆಯ ಆರೋಪಿಗಳ ಕಪ್ಪು ಬಿಳುಪು ಫೋಟೋ. ಕೈ ಶುದ್ಧ ಇದ್ದದ್ದೇ ಅವನಿಗೆ ಮುಳುವಾಯಿತು ನೋಡಿ. ಆಕೆ ಅವನ ಫೋಟೋ ಆರಿಸಿದರು. ಒಂದು ಗಂಟೆಯೊಳಗೆ ಕೆಲವರನ್ನು ಸಾಲಾಗಿ ನಿಲ್ಲಿಸಿ ಮತ್ತೆ ಗುರುತಿಸಲು ಹೇಳಿದರು. ಫೋಟೋಗಳಲ್ಲೂ ಇದ್ದು ಸಾಲಿನಲ್ಲೂ ನಿಂತಿದ್ದವನು ಆಂಡರ್ಸನ್ ಒಬ್ಬನೇ. ಮತ್ತೆ ಅವನನ್ನೇ ತೋರಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆಕೆ ಸುಳ್ಳು ಹೇಳಲಿಲ್ಲ. ಇದನ್ನು ಮರೆತರೆ ಇಡೀ ವಿಷಯ ಅರ್ಥವಾಗುವುದಿಲ್ಲ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ಫೋಟೋ ಅಲ್ಲ. ಎರಡನೇ ಸಲ ಗುರುತಿಸುವಾಗ ಮನಸ್ಸು ಹಲ್ಲೆ ಮಾಡಿದವನ ಮುಖವನ್ನು ನೆನಪಿಸಿಕೊಳ್ಳುತ್ತಿದೆಯೋ, ಒಂದು ಗಂಟೆ ಹಿಂದೆ ಕಂಡ ಫೋಟೋವನ್ನೋ? ಅದು ಆಕೆಗೂ ತಿಳಿಯದು. ಕೋರ್ಟಿಗೆ ಬರುವಷ್ಟರಲ್ಲಿ ಆ ಫೋಟೋದ ಮುಖವೇ ಆ ದಿನದ ನೆನಪಿನೊಳಗೆ ಕೂತುಬಿಟ್ಟಿರುತ್ತದೆ. "ನೂರಕ್ಕೆ ನೂರು ಇವನೇ" ಎಂದು ಸಾಕ್ಷಿ ಹೇಳುವುದು ಮನಸ್ಸಿನಿಂದಲೇ. ಅಂಥ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಅಲ್ಲಾಡಿಸುವುದು ಬಹಳ ಕಷ್ಟ. ಸುಳ್ಳು ಹೇಳುವವರು ಎಲ್ಲಾದರೂ ತಡವರಿಸುತ್ತಾರೆ, ಇವರು ತಡವರಿಸುವುದಿಲ್ಲ.

ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಎಂದು ಸಾಬೀತಾದ ಮೊದಲ 375 ಜನರ ಕೇಸುಗಳಲ್ಲಿ ಹತ್ತಿರ ಹತ್ತಿರ ಶೇಕಡ 70ರಲ್ಲಿ ಇಂಥ ತಪ್ಪು ಗುರುತಿಸುವಿಕೆ ಇತ್ತು. ಒತ್ತಡಕ್ಕೆ ಮಣಿದು ಕೊಟ್ಟ ತಪ್ಪೊಪ್ಪಿಗೆ, ಅರೆಬೆಂದ ಲ್ಯಾಬ್ ವರದಿ, ಜೈಲಿನೊಳಗಿನ ಮಾಹಿತಿದಾರರ ಸುಳ್ಳು, ಇವೂ ಕಾರಣಗಳೇ. ಬಹಳ ಸಲ ಒಂದೇ ಕೇಸಿನಲ್ಲಿ ಎರಡು ಮೂರು ಸೇರಿಕೊಂಡಿರುತ್ತವೆ.

ಆಂಡರ್ಸನ್ ಕೇಸಿನಲ್ಲಿ ಸೇರಿಕೊಂಡದ್ದು ವಕೀಲರ ಉದಾಸೀನ. ಹಲ್ಲೆಗೆ ಸುಮಾರು ಅರ್ಧ ಗಂಟೆ ಮುಂಚೆ ತನ್ನ ಸೈಕಲ್ ಒಯ್ದವನು ಜಾನ್ ಓಟಿಸ್ ಲಿಂಕನ್ ಎಂದು ಸೈಕಲ್‌ನ ಯಜಮಾನ ಹೇಳಿದ್ದ. ಈ ಇಬ್ಬರನ್ನೂ ಸಾಕ್ಷಿಗೆ ಕರೆಸಿ ಎಂದು ಹುಡುಗನ ತಾಯಿ ಕೇಳಿಕೊಂಡರು. ವಕೀಲರು ಕರೆಸಲಿಲ್ಲ. ರಕ್ತದ ಗುಂಪಿನ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. 210 ವರ್ಷ ಶಿಕ್ಷೆ ಆಯಿತು.

1988ರಲ್ಲಿ ಲಿಂಕನ್ ಸ್ವತಃ ಕೋರ್ಟಿಗೆ ಬಂದು, ಪ್ರಮಾಣ ಮಾಡಿ, ಈ ಕೃತ್ಯ ತನ್ನದೇ ಎಂದು ಒಪ್ಪಿಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪೀಠದಲ್ಲಿದ್ದವರು ಮೊದಲ ವಿಚಾರಣೆ ನಡೆಸಿದ ನ್ಯಾಯಾಧೀಶರೇ. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಅರ್ಜಿ ತಳ್ಳಿಹಾಕಿದರು. ಅದರ ಮೇಲೆ ವರ್ಜೀನಿಯಾದಲ್ಲಿ ಇನ್ನೊಂದು ನಿಯಮವಿತ್ತು. ಶಿಕ್ಷೆಯಾದ 21 ದಿನಗಳ ನಂತರ ಹೊಸ ಸಾಕ್ಷ್ಯ ತಂದರೆ ಕೋರ್ಟ್ ನೋಡುವಂತಿರಲಿಲ್ಲ. 21 ದಿನದಲ್ಲಿ ಮೇಲ್ಮನವಿಯ ಕಾಗದಗಳೇ ಸಿದ್ಧವಾಗುವುದಿಲ್ಲ, ಅದು ನಿಮಗೂ ಗೊತ್ತು.

ಈಗ ಇನ್ನೊಸೆನ್ಸ್ ಪ್ರಾಜೆಕ್ಟ್ ಕಡೆ ಬರೋಣ. ತಪ್ಪಾಗಿ ಶಿಕ್ಷೆಯಾದವರನ್ನು ಡಿಎನ್‌ಎ ಪರೀಕ್ಷೆಯ ನೆರವಿನಿಂದ ಬಿಡಿಸಲು ಹೋರಾಡುವ ಸಂಸ್ಥೆ ಇದು. 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ಇಬ್ಬರು ವಕೀಲರು ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ಇದನ್ನು ಶುರು ಮಾಡಿದರು. ನಿಮ್ಮಂಥ ವಿದ್ಯಾರ್ಥಿಗಳೇ ಕಡತ ಓದುತ್ತಿದ್ದರು. ಜೈಲಿನಿಂದ ಪತ್ರ ಬರುತ್ತದೆ. ಕೇಸಿನ ವಿವರ, ವಿಚಾರಣೆಯ ದಾಖಲೆ, ಲ್ಯಾಬ್ ವರದಿ ತರಿಸಿಕೊಳ್ಳುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಡಿಎನ್‌ಎ ಪರೀಕ್ಷೆ ಮಾಡಿದರೆ ಇವನು ಮಾಡಿಲ್ಲ ಎಂದು ಸಾಬೀತಾಗುತ್ತದೆಯೇ? ಅಪರಾಧ ನಡೆದ ಮನೆಗೆ ಮೊದಲಿಂದಲೂ ಬಂದು ಹೋಗುತ್ತಿದ್ದವನ ಕೂದಲು ಅಲ್ಲಿ ಸಿಕ್ಕರೆ ಏನೂ ಸಾಬೀತಾಗದು. ಅಪರಿಚಿತನಿಂದ ಅತ್ಯಾಚಾರವಾದ ಕೇಸಿನಲ್ಲಿ ವೀರ್ಯ ಯಾರದ್ದು ಎಂದು ತಿಳಿದರೆ ಬಹುಮಟ್ಟಿಗೆ ಎಲ್ಲವೂ ತಿಳಿದಂತೆ.

ಉತ್ತರ "ಹೌದು" ಎಂದಾದರೆ ನಿಜವಾದ ಕೆಲಸ ಶುರು. ಹುಡುಕಾಟ. ಪೊಲೀಸರ ಮುದ್ದೆಮಾಲು ಕೋಣೆ, ಕೋರ್ಟಿನ ದಾಸ್ತಾನು, ಆಸ್ಪತ್ರೆ, ಲ್ಯಾಬ್ ಎಲ್ಲ ಕಡೆ ಕೇಳಬೇಕು. "ಇಲ್ಲ" ಎಂದರೆ ಎಲ್ಲಿ ಹೋಯಿತು, ನಾಶ ಮಾಡಿದ್ದಕ್ಕೆ ದಾಖಲೆ ಇದೆಯೇ ಎಂದು ಮತ್ತೆ ಕೇಳಬೇಕು. ಸಿನಿಮಾದಲ್ಲಿ ಇದನ್ನು ತೋರಿಸುವುದಿಲ್ಲ, ಬೇಜಾರಿನ ಕೆಲಸ.

ಆಂಡರ್ಸನ್ ಕೇಸಿನ ಮಾದರಿಗಳು ನಾಶವಾಗಿವೆ ಎಂಬ ಉತ್ತರ ಬಂದಿತ್ತು. ಲ್ಯಾಬ್‌ನವರು ಪರೀಕ್ಷೆ ಮುಗಿಸಿ ಎಲ್ಲವನ್ನೂ ಪೊಲೀಸರಿಗೆ ವಾಪಸ್ ಕಳಿಸುವುದು ನಿಯಮ. ಅಷ್ಟರಲ್ಲಿ 15 ವರ್ಷ ಜೈಲಿನಲ್ಲಿ ಕಳೆದು ಆಂಡರ್ಸನ್ 1997ರಲ್ಲಿ ಪೆರೋಲ್ ಮೇಲೆ ಹೊರಬಂದಿದ್ದರು. ಆದರೆ ದಾಖಲೆಯಲ್ಲಿ ಇನ್ನೂ ಅತ್ಯಾಚಾರಿಯೇ. 2001ರಲ್ಲಿ ರಾಜ್ಯದ ಫೊರೆನ್ಸಿಕ್ ಲ್ಯಾಬ್‌ನ ಮುಖ್ಯಸ್ಥ ಪಾಲ್ ಫೆರಾರಾ ಹಳೆಯ ಕಡತ ತರಿಸಿ ತೆರೆದರು. ಆ ಕೇಸಿನ ಪರೀಕ್ಷೆ ಮಾಡಿದ್ದವರು ಮೇರಿ ಜೇನ್ ಬರ್ಟನ್. ಮಾದರಿ ಇದ್ದ ಹತ್ತಿಯ ಚೂರುಗಳನ್ನು ಆಕೆ ತಮ್ಮ ಟಿಪ್ಪಣಿಯ ಹಾಳೆಗೆ ಟೇಪ್ ಹಾಕಿ ಅಂಟಿಸಿದ್ದರು. ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ. 19 ವರ್ಷ ಆ ಚೂರುಗಳು ಕಡತದೊಳಗೇ ಇದ್ದವು.

ಸಿಕ್ಕ ತಕ್ಷಣ ಪರೀಕ್ಷೆ ಆಯಿತೇ? ಇಲ್ಲ. ಒಬ್ಬರಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ ಎಂದು ಲ್ಯಾಬ್ ಮೊದಲು ಒಪ್ಪಲಿಲ್ಲ. ಅದೇ ವರ್ಷ ಶಿಕ್ಷೆಯಾದವರಿಗೂ ಡಿಎನ್‌ಎ ಪರೀಕ್ಷೆ ಕೇಳುವ ಹಕ್ಕು ಕೊಡುವ ಹೊಸ ಕಾಯ್ದೆ ವರ್ಜೀನಿಯಾದಲ್ಲಿ ಬಂತು. ಅದರಡಿ ಅರ್ಜಿ ಹಾಕಿದರು. ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಆಂಡರ್ಸನ್ ಅಲ್ಲ. ರಾಜ್ಯದ ಅಪರಾಧಿಗಳ ಡಿಎನ್‌ಎ ಪಟ್ಟಿಗೆ ಹೋಲಿಸಿದಾಗ ಹೊಂದಿದ್ದು ಲಿಂಕನ್‌ಗೆ. 2002ರ ಆಗಸ್ಟ್‌ನಲ್ಲಿ ಗವರ್ನರ್ ಮಾರ್ಕ್ ವಾರ್ನರ್ ಆಂಡರ್ಸನ್‌ಗೆ ಪೂರ್ಣ ಕ್ಷಮಾದಾನ ಕೊಟ್ಟರು. ಮಾಡದ ತಪ್ಪಿಗೆ ಕ್ಷಮೆ! ಆ ಪದ ನನಗೆ ಇವತ್ತಿಗೂ ಒಗ್ಗಿಲ್ಲ.

ಇಂಥ ಪ್ರಾಜೆಕ್ಟ್‌ಗಳು ಗುರುತಿಸುವ ವಿಧಾನ ಬದಲಾಗಲಿ ಎಂದೂ ಹೋರಾಡುತ್ತವೆ. ಅವರು ಕೇಳುವುದು ಸರಳ. ಫೋಟೋ ತೋರಿಸುವ ಅಧಿಕಾರಿಗೇ ಆರೋಪಿ ಯಾರೆಂದು ತಿಳಿದಿರಬಾರದು. "ಅವನು ಇದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು" ಎಂದು ಸಾಕ್ಷಿಗೆ ಮೊದಲೇ ಹೇಳಬೇಕು. ಎಷ್ಟು ಖಾತ್ರಿ ಇದೆ ಎಂಬುದನ್ನು ಆ ಕ್ಷಣದಲ್ಲೇ ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ನಮ್ಮಲ್ಲೂ ಗುರುತು ಪರೇಡ್‌ಗೆ ಮೊದಲು ಆರೋಪಿಯ ಫೋಟೋ ತೋರಿಸಿದ್ದರೆ ಪರೇಡ್‌ಗೆ ಬೆಲೆಯಿಲ್ಲ ಎಂದು ವಾದ ಮಾಡುತ್ತೇವೆ. ಆದರೆ ಪರೇಡ್‌ಗಿಂತ ಮೊದಲು ಅದೇ ಮುಖ ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಓಡಾಡಿದ್ದರೆ? ಸಾಕ್ಷಿ ನೋಡಿದ್ದಾರೋ ಇಲ್ಲವೋ ಎಂದು ಕೇಳುವುದನ್ನೇ ಎಷ್ಟೋ ಸಲ ಮರೆಯುತ್ತೇವೆ.

ಬರ್ಟನ್ ಅವರ ಕಡತಗಳಿಂದ ಜೂಲಿಯಸ್ ರಫಿನ್, ಆರ್ಥರ್ ಲೀ ವಿಟ್‌ಫೀಲ್ಡ್ ಕೂಡ ಬಿಡುಗಡೆಯಾದರು. ಆಮೇಲೆ ರಾಜ್ಯವೇ ಹಳೆಯ ಕಡತಗಳನ್ನೆಲ್ಲ ತೆರೆಸಿತು, ಇನ್ನೂ ಹಲವರು ಹೊರಬಂದರು. ಆದರೆ ಇದೆಲ್ಲ ದೇಹದ ಗುರುತು ಉಳಿಯುವ ಕೇಸುಗಳಲ್ಲಿ ಮಾತ್ರ. ಬಂದೂಕು ತೋರಿಸಿ ಅಂಗಡಿ ದೋಚಿದವನು ಬಹಳ ಸಲ ಏನೂ ಬಿಟ್ಟು ಹೋಗುವುದಿಲ್ಲ. ಸಾಕ್ಷಿಯ ಕಣ್ಣು ಅಲ್ಲೂ ಅಷ್ಟೇ ಎಡವುತ್ತದೆ, ಅದನ್ನು ಹಿಡಿದು ತೋರಿಸಲು ಹತ್ತಿಯ ಚೂರು ಇರುವುದಿಲ್ಲ. ಚೂರು ಇದ್ದ ಕಡೆಯೂ ಎಷ್ಟೋ ಸಲ ಹುಡುಕಿ ಹುಡುಕಿ ಸಿಗದೆ ಕಡತ ಮುಚ್ಚುತ್ತಾರೆ. ಪತ್ರ ಬರೆದವನು ನಿಜ ಹೇಳಿದ್ದನೋ ಸುಳ್ಳೋ ಎಂಬುದು ಆ ಕಡತದಲ್ಲಿ ಎಲ್ಲೂ ಬರೆದಿರುವುದಿಲ್ಲ. ಮಾದರಿ ಲಭ್ಯವಿಲ್ಲ ಎಂದಷ್ಟೇ ಇರುತ್ತದೆ.